ವ್ಯಾಕರಣ ಒಪ್ಪಿದರೂ ಕಿವಿ ಒಪ್ಪದ ಇಂಗ್ಲಿಷ್

ಕನ್ನಡದಲ್ಲಿ ನಾವು ‘ಕಡುಬಡವ’ ಎನ್ನುತ್ತೇವೆ, ‘ಆಗರ್ಭ ಶ್ರೀಮಂತ’ ಎನ್ನುತ್ತೇವೆ. ಇವೆರಡನ್ನು ಅದಲುಬದಲು ಮಾಡಿ ‘ಆಗರ್ಭ ಬಡವ’ ಎಂದರೆ ಕೇಳಿದವರಿಗೆ ನಗು ಬರುತ್ತದೆ. ವ್ಯಾಕರಣದಲ್ಲಿ ತಪ್ಪೇನೂ ಇಲ್ಲ, ಅರ್ಥವೂ ಆಗುತ್ತದೆ. ಆದರೂ ಯಾರೂ ಹಾಗೆ ಹೇಳುವುದಿಲ್ಲ. ಏಕೆ ಎಂದು ಕೇಳಿದರೆ ಹುಟ್ಟು ಕನ್ನಡಿಗರಲ್ಲಿ ಹೆಚ್ಚಿನವರ ಬಳಿ ಉತ್ತರವಿರುವುದಿಲ್ಲ. ಇಂಗ್ಲಿಷ್ ತಾಯ್ನುಡಿಯವರ ಪಾಡೂ ಇದೇ. ಇಂಥ ವಾಕ್ಯಗಳನ್ನು ಗಂಭೀರವಾಗಿ ಲೆಕ್ಕಹಾಕುವ ಕೆಲಸ ಲಂಡನ್ನಿಗಿಂತ ಮೊದಲು ಟೋಕಿಯೊದಲ್ಲಿ ನಡೆದದ್ದಕ್ಕೆ ಅದೇ ಕಾರಣವಿರಬೇಕು ಎಂದು ನನಗನ್ನಿಸುತ್ತದೆ.

1922ರಲ್ಲಿ ಹೆರಾಲ್ಡ್ ಪಾಮರ್ ಎಂಬ ಇಂಗ್ಲಿಷ್ ಅಧ್ಯಾಪಕ ಜಪಾನಿನ ಶಿಕ್ಷಣ ಇಲಾಖೆಗೆ ಭಾಷಾ ಸಲಹೆಗಾರನಾಗಿ ಹೋದ. ಮರುವರ್ಷ ಟೋಕಿಯೊದಲ್ಲಿ ಇಂಗ್ಲಿಷ್ ಬೋಧನೆಯ ಸಂಶೋಧನೆಗೆಂದೇ ಒಂದು ಸಂಸ್ಥೆ ಹುಟ್ಟಿತು. ಜಪಾನಿನ ವಿದ್ಯಾರ್ಥಿಗಳು ವ್ಯಾಕರಣದಲ್ಲಿ ಗಟ್ಟಿಗರು. ಪದಗಳು ಗೊತ್ತು, ನಿಯಮಗಳೂ ಗೊತ್ತು. ಎರಡನ್ನೂ ಸೇರಿಸಿ ವಾಕ್ಯ ಕಟ್ಟಿದರೆ ಮಾತ್ರ ಅದು ಇಂಗ್ಲಿಷಿನವರು ಆಡದ ಇಂಗ್ಲಿಷ್ ಆಗುತ್ತಿತ್ತು. ಕೆಲವು ಪದಗುಚ್ಛಗಳನ್ನು ಬಿಡಿಬಿಡಿಯಾಗಿ ಜೋಡಿಸಲಾಗದು, ಇಡಿಯಾಗಿಯೇ ಕಲಿಯಬೇಕು ಎಂಬ ತೀರ್ಮಾನಕ್ಕೆ ಪಾಮರ್ ಬಂದ. ಇವುಗಳಿಗೆ ಅವನು ಬಳಸಿದ ಹೆಸರು ‘ಕಾಲೊಕೇಶನ್’. ನಾವು ಅದನ್ನು ಪದಗಳ ಸಹವಾಸ ಎಂದುಕೊಳ್ಳಬಹುದು. ಜಪಾನಿನಲ್ಲೇ ಪಾಠ ಹೇಳುತ್ತಿದ್ದ ಎ. ಎಸ್. ಹಾರ್ನ್‌ಬಿ ಅವನ ಜೊತೆಗೂಡಿದ. 1933ರಲ್ಲಿ ಅಂಥ ಸಾವಿರಾರು ಗುಚ್ಛಗಳ ವರದಿ ಹೊರಬಂತು.

ಸಹವಾಸ ಎಂದರೇನೆಂದು ತಿಳಿಯಲು ನಮ್ಮ ‘ಜೋರು’ ಪದವೊಂದೇ ಸಾಕು. ಜೋರು ಮಳೆ, ಜೋರು ಗಾಳಿ, ಜೋರು ಜ್ವರ, ಜೋರು ದನಿ: ನಮಗೆ ಎಲ್ಲಕ್ಕೂ ಒಂದೇ. ಇಂಗ್ಲಿಷಿನಲ್ಲಿ ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’, ಜ್ವರ ‘ಹೈ’, ದನಿ ‘ಲೌಡ್’. ‘ಸ್ಟ್ರಾಂಗ್ ರೇನ್’ ಎಂದು ಬರೆದವನ ವ್ಯಾಕರಣದಲ್ಲಿ ಲೋಪ ಹುಡುಕಿದರೆ ಸಿಗುವುದಿಲ್ಲ. ಹಗುರ ಮಳೆಯನ್ನು ‘ಲೈಟ್ ರೇನ್’ ಎನ್ನುವುದರಿಂದ ‘ಹೆವಿ’ ಎಂಬುದಕ್ಕೆ ತೂಕದ ತರ್ಕವಿದೆ ಎನ್ನಬಹುದೇನೋ. ಆದರೆ ‘ಲೈಟ್ ವಿಂಡ್’ ಕೂಡ ಇದೆ. ಹಾಗಿದ್ದೂ ಬಿರುಗಾಳಿ ‘ಹೆವಿ’ಗಿಂತ ‘ಸ್ಟ್ರಾಂಗ್’ ಆಗುವುದೇ ಹೆಚ್ಚು. ತರ್ಕ ಅಲ್ಲಿಗೆ ನಿಲ್ಲುತ್ತದೆ.

ಹಾರ್ನ್‌ಬಿ ಈ ಗೊಂದಲದ ಒಂದು ಭಾಗವನ್ನು ನಿಯಮಕ್ಕೆ ತಂದ. ‘ಟೆಲ್ ಮೀ ದ ರೀಸನ್’ ಸರಿ, ‘ಎಕ್ಸ್‌ಪ್ಲೇನ್ ಮೀ ದ ರೀಸನ್’ ಸರಿಯಲ್ಲ. ಹೇಳು, ವಿವರಿಸು ಎಂಬ ಕ್ರಿಯಾಪದಗಳ ಅರ್ಥ ಹತ್ತಿರದ್ದೇ. ತಮ್ಮ ಹಿಂದೆ ಏನನ್ನು ಕರೆದುಕೊಂಡು ಬರುತ್ತವೆ ಎಂಬುದು ಮಾತ್ರ ಬೇರೆ. ಇದಕ್ಕಾಗಿ ಅವನು 25 ಕ್ರಿಯಾಪದ ಮಾದರಿಗಳನ್ನು ಗುರುತಿಸಿ, ಯಾವ ಕ್ರಿಯಾಪದ ಯಾವ ಮಾದರಿಗೆ ಒಗ್ಗುತ್ತದೆ ಎಂದು ನಿಘಂಟಿನಲ್ಲಿಯೇ ಸೂಚಿಸಿದ. ಗೇಟನ್‌ಬಿ ಮತ್ತು ವೇಕ್‌ಫೀಲ್ಡ್ ಅವರೊಂದಿಗೆ ಸಿದ್ಧಪಡಿಸಿದ ಆ ನಿಘಂಟು 1942ರಲ್ಲಿ, ಬ್ರಿಟನ್ ಮತ್ತು ಜಪಾನ್ ಯುದ್ಧದಲ್ಲಿದ್ದಾಗಲೇ, ಟೋಕಿಯೊದಲ್ಲಿ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನೇ ಬೇರೆ ಹೆಸರಿನಲ್ಲಿ ಪ್ರಕಟಿಸಿತು. ಇಂದು ನಮ್ಮ ಕಾಲೇಜು ಗ್ರಂಥಾಲಯಗಳಲ್ಲಿ ಕಾಣುವ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ನಿಘಂಟಿನ ಮೂಲ ಅದೇ.

ಮಾದರಿಗೆ ಸಿಕ್ಕದೆ ಉಳಿದದ್ದೇ ಕಷ್ಟದ ಭಾಗ. 1983ರಲ್ಲಿ ಆಂಡ್ರ್ಯೂ ಪಾಲಿ ಮತ್ತು ಫ್ರಾನ್ಸಿಸ್ ಸೈಡರ್ ಒಂದು ಲೇಖನದಲ್ಲಿ ಇದನ್ನು ಒಗಟಾಗಿ ಮುಂದಿಟ್ಟರು. ಮದುವೆಯಾಗಬೇಕೆಂಬ ಆಸೆಯನ್ನು ಹೇಳಲು ಇಂಗ್ಲಿಷ್ ವ್ಯಾಕರಣ ಹತ್ತಾರು ದಾರಿ ಕೊಡುತ್ತದೆ. ಪ್ರೇಮಿಯ ಬಾಯಲ್ಲಿ ಬರುವುದು ಒಂದೆರಡು ಮಾತ್ರ. ‘ನಿನ್ನೊಡನೆ ವಿವಾಹವು ನನ್ನಿಂದ ಅಪೇಕ್ಷಿಸಲ್ಪಟ್ಟಿದೆ’ ಎಂದು ಕನ್ನಡದಲ್ಲಿ ಕೇಳಿದವನಿಗೆ ಸಿಗುವ ಉತ್ತರವನ್ನು ಊಹಿಸಿಕೊಂಡರೆ ಅವರ ಪ್ರಶ್ನೆ ಅರ್ಥವಾಗುತ್ತದೆ. ಹತ್ತಾರರಲ್ಲಿ ಆ ಒಂದನ್ನು ಆಯುವುದು ಹೇಗೆ?

ಉತ್ತರದ ಒಂದು ಭಾಗ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಿಂದ ಬಂತು. ಅಲ್ಲಿ ಜಾನ್ ಸಿಂಕ್ಲೇರ್ ನೇತೃತ್ವದಲ್ಲಿ 1980ರ ದಶಕದಲ್ಲಿ ಲಕ್ಷಾಂತರ ಪದಗಳ ನಿಜವಾದ ಬರಹವನ್ನೂ ಮಾತನ್ನೂ ಕಂಪ್ಯೂಟರಿಗೆ ತುಂಬಿದರು. ಒಂದು ಪದವನ್ನು ಕೇಳಿದರೆ ಅದು ಬಂದಿರುವ ಸಾಲುಗಳೆಲ್ಲ, ಪದ ನಟ್ಟನಡುವೆ ನಿಲ್ಲುವಂತೆ, ಒಂದರ ಕೆಳಗೊಂದು ಮೂಡುತ್ತಿದ್ದವು. 1987ರ ಕೋಬಿಲ್ಡ್ ನಿಘಂಟು ಹುಟ್ಟಿದ್ದು ಹಾಗೆ. ಹಾಗೆ ನೋಡಿದಾಗ ಸಿಂಕ್ಲೇರ್‌ಗೆ ಕಂಡ ಒಂದು ಸಂಗತಿ ಬಹಳ ಪ್ರಸಿದ್ಧ. ‘ಸೆಟ್ ಇನ್’ ಎಂದರೆ ಆರಂಭವಾಗಿ ನೆಲೆಯೂರುವುದು. ಆದರೆ ಹಾಗೆ ನೆಲೆಯೂರುವುದು ಹೆಚ್ಚುಕಡಿಮೆ ಯಾವಾಗಲೂ ಕೊಳೆತ, ಹತಾಶೆ, ಸೋಂಕು, ಕೆಟ್ಟ ಹವೆಯಂಥ ಬೇಡದ ಸಂಗತಿಗಳೇ. ‘ಹ್ಯಾಪಿನೆಸ್ ಸೆಟ್ ಇನ್’ ಎಂದರೆ ಸಂತೋಷವೂ ಒಂದು ರೋಗದಂತೆ ಕೇಳಿಸುತ್ತದೆ.

ಈಗ ಎಚ್ಚರದ ಓದುಗ ಒಂದು ವಾಕ್ಯವನ್ನು ತೂಗುವ ರೀತಿ ನೋಡೋಣ. ವಿದ್ಯಾರ್ಥಿಯೊಬ್ಬ ಬರೆಯುತ್ತಾನೆ: ‘ದ ನ್ಯೂ ಲೈಬ್ರರಿ ಕಾಸ್ಡ್ ಗ್ರೇಟ್ ಹ್ಯಾಪಿನೆಸ್ ಟು ದ ಸ್ಟೂಡೆಂಟ್ಸ್.’ ಕರ್ತೃ, ಕ್ರಿಯೆ, ಕರ್ಮ ಎಲ್ಲವೂ ತಮ್ಮತಮ್ಮ ಜಾಗದಲ್ಲಿವೆ. ಏನೋ ಚುಚ್ಚುತ್ತದೆ, ಎಲ್ಲಿ ಎಂದು ಗೊತ್ತಾಗುವುದಿಲ್ಲ. ಇಡೀ ವಾಕ್ಯವನ್ನು ತಿದ್ದಲು ಹೋಗದೆ ಒಂದೊಂದೇ ಪದ ಬದಲಿಸಬೇಕು. ‘ಲೈಬ್ರರಿ’ ತೆಗೆದು ‘ಟೀಚರ್’ ಹಾಕಿದರೂ ಚುಚ್ಚು ಹೋಗದು. ‘ಹ್ಯಾಪಿನೆಸ್’ ತೆಗೆದು ‘ಟ್ರಬಲ್’ ಹಾಕಿ, ಚುಚ್ಚು ಬಹುಮಟ್ಟಿಗೆ ಹೋಯಿತು. ಅಂದರೆ ಜಗಳ ‘ಕಾಸ್’ಗೂ ‘ಹ್ಯಾಪಿನೆಸ್’ಗೂ ನಡುವೆ. ಇನ್ನು ‘ಕಾಸ್’ ಬಂದಿರುವ ಸಾಲುಗಳನ್ನು ತೆಗೆದು ನೋಡಿದರೆ ಸುತ್ತಲೂ ಹಾನಿ, ಸಾವು, ಸಮಸ್ಯೆ, ಆತಂಕ. ಹಾಗಾದರೆ ಸಂತೋಷದ ಜೊತೆ ಏನಿರುತ್ತದೆ? ‘ಬ್ರಿಂಗ್’ ಇರುತ್ತದೆ, ಅಥವಾ ನಾಮಪದವನ್ನೇ ಬಿಟ್ಟು ‘ದ ಸ್ಟೂಡೆಂಟ್ಸ್ ವರ್ ಡಿಲೈಟೆಡ್ ವಿತ್ ದ ನ್ಯೂ ಲೈಬ್ರರಿ’ ಎನ್ನುತ್ತಾರೆ.

ಇಲ್ಲಿ ‘ತಪ್ಪು’ ಎಂಬ ಮಾತು ಬಂದಿಲ್ಲ ಎಂಬುದನ್ನು ಗಮನಿಸಬೇಕು. ಹಳೆಯ ಬರಹಗಳಲ್ಲಿ ‘ಕಾಸ್’ ಸಂತೋಷದ ಜೊತೆಗೂ ಬಂದಿದೆ. ವ್ಯಂಗ್ಯಕ್ಕೆಂದೇ ಹಾಗೆ ಬರೆಯುವವರೂ ಇದ್ದಾರೆ. ಸಹವಾಸ ಕೆಡಿಸಿದಾಗಲೇ ಆ ವ್ಯಂಗ್ಯ ಹುಟ್ಟುವುದು. ಸಂಗ್ರಹದಲ್ಲಿ ಒಂದು ಜೋಡಿ ಸಿಗಲಿಲ್ಲ ಎಂದಮಾತ್ರಕ್ಕೆ ಅದು ಅಸಹಜ ಎನ್ನಲಾಗದು, ಏಕೆಂದರೆ ಪ್ರತಿ ಒಳ್ಳೆಯ ಬರಹದಲ್ಲೂ ಹಿಂದೆಂದೂ ಸಿಗದ ಜೋಡಿಗಳು ಇದ್ದೇ ಇರುತ್ತವೆ. ಅದೇ ಮಾತಿಗೆ ಜನ ಮಾಮೂಲಾಗಿ ಬಳಸುವ ಇನ್ನೊಂದು ಜೋಡಿ ಇದೆಯೇ, ಅದನ್ನು ಬಿಟ್ಟದ್ದಕ್ಕೆ ಬರೆದವನಿಗೆ ಕಾರಣವಿತ್ತೇ ಎಂದು ಕೇಳುವುದು ಹೆಚ್ಚು ನ್ಯಾಯ.

ಯಾರ ಕಿವಿ ಎಂಬ ಪ್ರಶ್ನೆಯೂ ಉಳಿಯುತ್ತದೆ. ‘ಕೈಂಡ್ಲಿ ಡೂ ದ ನೀಡ್‌ಫುಲ್’ ಎಂಬ ನಮ್ಮ ಅರ್ಜಿಗಳ ಕೊನೆಯ ಸಾಲು ಇಂದಿನ ಲಂಡನ್ನಿನವನಿಗೆ ವಿಚಿತ್ರ. ಆದರೆ ಅದರ ‘ನೀಡ್‌ಫುಲ್’ ಒಂದು ಕಾಲದಲ್ಲಿ ಬ್ರಿಟಿಷರೇ ಸಹಜವಾಗಿ ಬರೆಯುತ್ತಿದ್ದ ಪದ. ಅವರು ಬಿಟ್ಟರು, ನಾವು ಉಳಿಸಿಕೊಂಡೆವು. ಅದನ್ನು ಬರ್ಮಿಂಗ್‌ಹ್ಯಾಮಿನ ಸಾಲುಗಳಲ್ಲಿ ಹುಡುಕಿ ತೀರ್ಪು ಕೊಡುವುದು ಸರಿಯಲ್ಲ. ಭಾರತದ ಇಂಗ್ಲಿಷಿಗೂ ಅಂಥದೊಂದು ಸಂಗ್ರಹವಿದೆ. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಎಸ್. ವಿ. ಶಾಸ್ತ್ರಿ ನೇತೃತ್ವದಲ್ಲಿ, 1978ರಲ್ಲಿ ಅಚ್ಚಾದ ಬರಹಗಳಿಂದ ಸುಮಾರು 10 ಲಕ್ಷ ಪದಗಳನ್ನು ಕೂಡಿಸಿದರು. ಪತ್ರಿಕೆ, ಕಥೆ, ಸರಕಾರಿ ದಾಖಲೆ ಎಲ್ಲ ಅದರಲ್ಲಿವೆ. ಆದರೆ ಅದು ಅಚ್ಚಾದ ಬರಹಗಳ ಸಂಗ್ರಹ; ‘ನೀಡ್‌ಫುಲ್’ ಬದುಕಿರುವುದು ಕೈಯಿಂದ ಬರೆದು, ಟೈಪು ಮಾಡಿ ಕಚೇರಿಗೆ ಕೊಡುವ ಅರ್ಜಿಗಳಲ್ಲಿ.