ಫ್ಲೋ ಸೈಟೊಮೆಟ್ರಿ: ರಕ್ತ ಕ್ಯಾನ್ಸರಿನ ಕೋಶಗಳನ್ನು ಗುರುತಿಸುವ ವಿಧಾನ

ದ್ರವದಲ್ಲಿ ತೇಲುವ ಜೀವಕೋಶಗಳನ್ನು ಒಂದೊಂದಾಗಿ ಲೇಸರ್ ಕಿರಣದ ಎದುರು ಹಾಯಿಸಿ, ಪ್ರತಿ ಕೋಶವೂ ಹೊಮ್ಮಿಸುವ ಬೆಳಕನ್ನು ಅಳೆಯುವ ತಂತ್ರವೇ ಫ್ಲೋ ಸೈಟೊಮೆಟ್ರಿ. ಸೂಕ್ಷ್ಮದರ್ಶಕದಡಿ ಪರಿಣತರು ಕೆಲವು ನೂರು ಕೋಶಗಳನ್ನು ನೋಡಿ ಎಣಿಸುವಷ್ಟರಲ್ಲಿ ಈ ಯಂತ್ರ ಹತ್ತಾರು ಸಾವಿರ ಕೋಶಗಳನ್ನು ಅಳೆದಿರುತ್ತದೆ. ಲ್ಯುಕೇಮಿಯಾ, ಅಂದರೆ ರಕ್ತ ಕ್ಯಾನ್ಸರ್, ಯಾವ ಬಗೆಯದೆಂದು ನಿರ್ಧರಿಸಲು ಇಂದು ಇದು ಮುಖ್ಯ ಆಧಾರ. ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದಂಥ ಊರಿನ ಮಗುವಿಗೆ ಈ ಕಾಯಿಲೆಯ ಶಂಕೆ ಮೂಡಿದರೆ, ಪರೀಕ್ಷೆಗೆ ಸಾಮಾನ್ಯವಾಗಿ ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗೆ ಹೋಗಬೇಕಾಗುತ್ತದೆ.

ಮಾದರಿಯ ಸಿದ್ಧತೆ

ಪರೀಕ್ಷೆಗೆ ರಕ್ತ ಅಥವಾ ಅಸ್ಥಿಮಜ್ಜೆ ಬೇಕು. ಅದು ಹೆಪ್ಪುಗಟ್ಟದಂತೆ ಇಡಿಟಿಎ ಎಂಬ ರಾಸಾಯನಿಕವಿರುವ, ನೇರಳೆ ಮುಚ್ಚಳದ ಕೊಳವೆಯಲ್ಲಿ ತುಂಬುತ್ತಾರೆ. ಕೋಶಗಳು ಜೀವಂತವಾಗಿ ಪ್ರಯೋಗಾಲಯ ಸೇರಬೇಕಾದ್ದರಿಂದ ಸಾಧ್ಯವಾದಷ್ಟೂ 24 ಗಂಟೆಯೊಳಗೆ ಪರೀಕ್ಷೆ ಆರಂಭಿಸುತ್ತಾರೆ. ಮಾದರಿಯನ್ನು ಘನೀಕರಿಸುವಂತಿಲ್ಲ. ಸತ್ತ ಕೋಶಗಳಿಗೆ ಯಾವ ಪ್ರತಿಕಾಯವಾದರೂ ಅಂಟಿಕೊಳ್ಳುವುದರಿಂದ ಹಳೆಯ ಮಾದರಿ ಸುಳ್ಳು ಫಲಿತಾಂಶ ಕೊಡುತ್ತದೆ.

ಪ್ರಯೋಗಾಲಯದಲ್ಲಿ ಮಾದರಿಗೆ ಪ್ರತಿಕಾಯಗಳನ್ನು ಬೆರೆಸಿ ಕತ್ತಲಲ್ಲಿ ಇಡುತ್ತಾರೆ. ಅಮೋನಿಯಂ ಕ್ಲೋರೈಡ್ ದ್ರಾವಣದಂಥದ್ದನ್ನು ಬಳಸಿ ಕೆಂಪು ರಕ್ತಕಣಗಳನ್ನು ಒಡೆಯುತ್ತಾರೆ. ಉಳಿದ ಕೋಶಗಳನ್ನು ತೊಳೆದು ಯಂತ್ರಕ್ಕೆ ಕೊಡುತ್ತಾರೆ.

ಚದುರಿದ ಬೆಳಕು ಹೇಳುವುದೇನು

ಯಂತ್ರದೊಳಗೆ ವೇಗವಾಗಿ ಹರಿಯುವ ಲವಣದ್ರಾವಣವು ಮಾದರಿಯನ್ನು ಸುತ್ತುವರಿದು ತೆಳುಧಾರೆಯಾಗಿ ಒತ್ತುತ್ತದೆ. ಹೀಗಾಗಿ ಕೋಶಗಳು ಒಂದರ ಹಿಂದೊಂದು ಸಾಲಾಗಿ ಲೇಸರನ್ನು ದಾಟುತ್ತವೆ. ಸಾಮಾನ್ಯವಾಗಿ ಬಳಸುವ ನೀಲಿ ಲೇಸರಿನ ತರಂಗಾಂತರ 488 ನ್ಯಾನೋಮೀಟರ್.

ಕೋಶಕ್ಕೆ ತಗಲಿದ ಬೆಳಕು ಎರಡು ಮುಖ್ಯ ದಿಕ್ಕುಗಳಲ್ಲಿ ಅಳತೆಗೆ ಸಿಗುತ್ತದೆ. ಕಿರಣದ ದಿಕ್ಕಿನಲ್ಲೇ ಅಲ್ಪ ಕೋನದಲ್ಲಿ ಚದುರುವ ಬೆಳಕು ಕೋಶದ ಗಾತ್ರವನ್ನು ಸ್ಥೂಲವಾಗಿ ತಿಳಿಸುತ್ತದೆ. ಇದು ಮುಂಚದುರಿಕೆ. ಸುಮಾರು 90 ಡಿಗ್ರಿ ಕೋನದಲ್ಲಿ ಚದುರುವ ಬೆಳಕು ಕೋಶದೊಳಗಿನ ಹರಳುಗಳು ಮತ್ತು ಮಡಿಕೆಗಳಿಗೆ ಅನುಗುಣವಾಗಿ ಹೆಚ್ಚುತ್ತದೆ. ಇದು ಪಾರ್ಶ್ವಚದುರಿಕೆ. ಹರಳುಗಳಿಂದ ತುಂಬಿದ ನ್ಯೂಟ್ರೊಫಿಲ್‌ನಲ್ಲಿ ಪಾರ್ಶ್ವಚದುರಿಕೆ ಹೆಚ್ಚು. ಚಿಕ್ಕದಾದ, ಹರಳುಗಳು ವಿರಳವಾಗಿರುವ ಲಿಂಫೋಸೈಟ್‌ನಲ್ಲಿ ಕಡಿಮೆ.

ಹೊಳೆಯುವ ಪ್ರತಿಕಾಯಗಳು

ಗಾತ್ರ ಮತ್ತು ಹರಳುಗಳಿಂದ ಕೋಶದ ಮೂಲ ತಿಳಿಯುವುದಿಲ್ಲ. ಅದನ್ನು ತಿಳಿಸುವುದು ಕೋಶದ ಮೇಲ್ಮೈಯಲ್ಲೂ ಒಳಗೂ ಇರುವ ಪ್ರೋಟೀನ್‌ಗಳು. ಇವುಗಳಿಗೆ ಅಂತರರಾಷ್ಟ್ರೀಯವಾಗಿ ಸಿಡಿ ಸಂಖ್ಯೆಗಳನ್ನು ಕೊಡಲಾಗಿದೆ. ಬಿ ಲಿಂಫೋಸೈಟ್‌ಗಳಲ್ಲಿ ಸಿಡಿ19, ಟಿ ಲಿಂಫೋಸೈಟ್‌ಗಳಲ್ಲಿ ಸಿಡಿ3, ಮಜ್ಜಾಮೂಲದ ಕೋಶಗಳಲ್ಲಿ ಸಿಡಿ13 ಮತ್ತು ಸಿಡಿ33 ಕಾಣಸಿಗುತ್ತವೆ. ಸಿಡಿ34 ಅಪಕ್ವತೆಯ ಗುರುತು.

ಒಂದೇ ಪ್ರೋಟೀನಿಗೆ ಅಂಟುವ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ವಿಧಾನವನ್ನು 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೀನ್ ಪ್ರಕಟಿಸಿದರು. ಅಂಥ ಪ್ರತಿಕಾಯಕ್ಕೆ ಪ್ರತಿದೀಪಕ ವರ್ಣದ್ರವ್ಯವನ್ನು ಜೋಡಿಸಿದರೆ, ಲೇಸರ್ ತಗಲಿದಾಗ ಅದು ತನ್ನದೇ ಬಣ್ಣದಲ್ಲಿ ಹೊಳೆಯುತ್ತದೆ. ಎಫ್‌ಐಟಿಸಿ ಹಸಿರು ಬೆಳಕನ್ನೂ ಪಿಇ ಹಳದಿ-ಕಿತ್ತಳೆ ಬೆಳಕನ್ನೂ ಕೊಡುತ್ತದೆ. ಹೊಳಪು ಹೆಚ್ಚಿದ್ದರೆ ಆ ಪ್ರೋಟೀನ್ ಕೋಶದಲ್ಲಿ ಹೆಚ್ಚಿದೆ ಎಂದರ್ಥ.

ಎಫ್‌ಐಟಿಸಿಯ ಬೆಳಕಿನ ಒಂದಂಶ ಪಿಇ ಗ್ರಾಹಕಕ್ಕೂ ಸೋರುತ್ತದೆ. ಒಂದೊಂದೇ ಬಣ್ಣ ಹಚ್ಚಿದ ಮಾದರಿಗಳನ್ನು ಮೊದಲು ಓಡಿಸಿ, ಸೋರಿಕೆಯ ಪ್ರಮಾಣವನ್ನು ಲೆಕ್ಕಹಾಕಿ ಕಳೆಯಬೇಕು. ಇದನ್ನು ಸರಿಯಾಗಿ ಮಾಡದಿದ್ದರೆ ಇಲ್ಲದ ಪ್ರೋಟೀನ್ ಇದ್ದಂತೆ ಕಾಣುತ್ತದೆ.

ಗೇಟ್ ಹಾಕುವುದು

ಯಂತ್ರದ ಪರದೆಯಲ್ಲಿ ಪ್ರತಿ ಕೋಶವೂ ಒಂದು ಚುಕ್ಕಿ. ಒಂದೇ ಬಗೆಯ ಕೋಶಗಳ ಚುಕ್ಕಿಗಳು ಗುಂಪುಗೂಡುತ್ತವೆ. ಬೇಕಾದ ಗುಂಪಿನ ಸುತ್ತ ಎಳೆಯುವ ಗಡಿಯೇ ಗೇಟ್. ಆಮೇಲಿನ ವಿಶ್ಲೇಷಣೆ ಗಡಿಯೊಳಗಿನ ಕೋಶಗಳಿಗೆ ಮಾತ್ರ ಅನ್ವಯಿಸುತ್ತದೆ.

ಮೊದಲು ಅಂಟಿಕೊಂಡ ಜೋಡಿಕೋಶಗಳನ್ನು ಹೊರಗಿಡಬೇಕು. ಒಂದು ಟಿ ಕೋಶವೂ ಒಂದು ಬಿ ಕೋಶವೂ ಒಟ್ಟಿಗೆ ಹಾದುಹೋದರೆ, ಸಿಡಿ3 ಮತ್ತು ಸಿಡಿ19 ಎರಡೂ ಇರುವ ವಿಚಿತ್ರ ಕೋಶವೊಂದು ಇದೆಯೆಂಬ ಭ್ರಮೆ ಹುಟ್ಟುತ್ತದೆ. ಜೋಡಿಯ ಬೆಳಕಿನ ಸಂಕೇತವು ಎತ್ತರಕ್ಕೆ ಹೋಲಿಸಿದರೆ ಹೆಚ್ಚು ವಿಸ್ತಾರವಾಗಿರುವುದರಿಂದ ಅದು ಸಿಕ್ಕಿಬೀಳುತ್ತದೆ.

ಬಳಿಕ ಸಿಡಿ45 ಮತ್ತು ಪಾರ್ಶ್ವಚದುರಿಕೆಯ ನಕ್ಷೆಯನ್ನು ನೋಡುತ್ತಾರೆ. ಪಕ್ವ ಲಿಂಫೋಸೈಟ್‌ಗಳಲ್ಲಿ ಸಿಡಿ45 ಪ್ರಖರವಾಗಿದ್ದು ಪಾರ್ಶ್ವಚದುರಿಕೆ ಕಡಿಮೆ ಇರುತ್ತದೆ. ನ್ಯೂಟ್ರೊಫಿಲ್‌ಗಳಲ್ಲಿ ಸಿಡಿ45 ಮಧ್ಯಮವಾಗಿದ್ದು ಪಾರ್ಶ್ವಚದುರಿಕೆ ಹೆಚ್ಚು. ಬ್ಲಾಸ್ಟ್ ಎಂದು ಕರೆಯುವ ಅಪಕ್ವ ಕೋಶಗಳಲ್ಲಿ ಸಿಡಿ45 ಮಂದವಾಗಿದ್ದು ಪಾರ್ಶ್ವಚದುರಿಕೆಯೂ ಕಡಿಮೆ. ಆರೋಗ್ಯವಂತ ಮಜ್ಜೆಯಲ್ಲಿ ಈ ಜಾಗದಲ್ಲಿ ಚುಕ್ಕಿಗಳು ವಿರಳ.

ಒಂದು ಪ್ರಕರಣದ ವಿಶ್ಲೇಷಣೆ

ಉದಾಹರಣೆಗೆ, ಜ್ವರ, ಬಿಳಿಚಿಕೊಂಡ ಮೈ ಮತ್ತು ಚರ್ಮದ ಮೇಲೆ ಕೆಂಪು ಚುಕ್ಕೆಗಳಿರುವ 6 ವರ್ಷದ ಮಗುವೊಂದನ್ನು ಕಲ್ಪಿಸಿಕೊಳ್ಳಬಹುದು. ಮಗುವಿನ ಮಜ್ಜೆಯಲ್ಲಿ 50,000 ಕೋಶಗಳನ್ನು ಅಳೆದಾಗ 39,000 ಕೋಶಗಳು, ಅಂದರೆ ಶೇ. 78ರಷ್ಟು, ಬ್ಲಾಸ್ಟ್ ಗೇಟಿನಲ್ಲಿ ಬೀಳುತ್ತವೆ. ಇಷ್ಟರಿಂದ ಅಪಕ್ವ ಕೋಶಗಳು ಹೆಚ್ಚಿವೆ ಎಂದಷ್ಟೇ ತಿಳಿಯುತ್ತದೆ. ಅವು ಯಾವ ವಂಶದವು ಎಂಬುದು ತಿಳಿಯುವುದಿಲ್ಲ.

ಆ ಕೋಶಗಳಲ್ಲಿ ಸಿಡಿ19, ಸಿಡಿ34 ಮತ್ತು ಟಿಡಿಟಿ ಇವೆ. ಸಿಡಿ10 ಬಹಳ ಪ್ರಖರವಾಗಿದೆ. ಕೋಶದೊಳಗೆ ಟಿ ವಂಶದ ಸಿಡಿ3 ಇಲ್ಲ. ಮಜ್ಜಾವಂಶವನ್ನು ತೋರುವ ಮೈಲೊಪೆರಾಕ್ಸಿಡೇಸ್ ಕೂಡ ಇಲ್ಲ. ಹೀಗಾಗಿ ಇದು ಬಿ ಕೋಶದ ತೀವ್ರ ಲಿಂಫೊಬ್ಲಾಸ್ಟಿಕ್ ಲ್ಯುಕೇಮಿಯಾ. ಮಜ್ಜಾಮೂಲದ ಲ್ಯುಕೇಮಿಯಾಕ್ಕೆ ಬೇರೆಯೇ ಔಷಧಿಗಳಿರುವುದರಿಂದ ಈ ವ್ಯತ್ಯಾಸ ಚಿಕಿತ್ಸೆಯ ದಾರಿಯನ್ನು ನಿರ್ಧರಿಸುತ್ತದೆ.

ಸಹಜವೋ ಅಸಹಜವೋ

ಮಕ್ಕಳ ಮಜ್ಜೆಯಲ್ಲಿ ಹೆಮಟೊಗೋನ್ ಎಂಬ ಸಹಜ ಎಳೆಯ ಬಿ ಕೋಶಗಳೂ ಇರುತ್ತವೆ. ಚಿಕಿತ್ಸೆಯ ನಂತರ ಮಜ್ಜೆ ಚೇತರಿಸಿಕೊಳ್ಳುವಾಗ ಅವು ಹೆಚ್ಚುತ್ತವೆ. ಅವುಗಳಲ್ಲೂ ಸಿಡಿ19 ಮತ್ತು ಸಿಡಿ10 ಇರುತ್ತವೆ. ಆದರೆ ಅವು ಬೆಳೆಯುತ್ತ ಸಿಡಿ34 ಕಳೆದುಕೊಂಡು ಸಿಡಿ20 ಪಡೆಯುತ್ತವೆ, ಸಿಡಿ45 ಕ್ರಮೇಣ ಪ್ರಖರವಾಗುತ್ತದೆ. ಆದ್ದರಿಂದ ಅವು ನಕ್ಷೆಯಲ್ಲಿ ಬಾಗಿದ ಪಥವಾಗಿ ಹರಡುತ್ತವೆ. ಕ್ಯಾನ್ಸರ್ ಕೋಶಗಳು ಬೆಳವಣಿಗೆಯ ಒಂದೇ ಹಂತದಲ್ಲಿ ನಿಂತಿರುವುದರಿಂದ ಸಾಮಾನ್ಯವಾಗಿ ಆ ಪಥದಿಂದ ಹೊರಗೆ ಬಿಗಿಯಾದ ಗುಂಪಾಗಿ ಸೇರುತ್ತವೆ. ಅಸಹಜತೆ ತಿಳಿಯುವುದು ಯಾವುದೋ ಒಂದು ಗುರುತಿನಿಂದಲ್ಲ, ಸಹಜ ಪಥದಿಂದ ಕೋಶಗಳು ಎಷ್ಟು ದೂರ ಸರಿದಿವೆ ಎಂಬುದರಿಂದ.

ಚಿಕಿತ್ಸೆಯ ಬಳಿಕ ಬಳಕೆ, ಮತ್ತು ಮಿತಿಗಳು

ಮೊದಲ ಹಂತದ ಚಿಕಿತ್ಸೆ ಮುಗಿದ ಮೇಲೆ, ಸುಮಾರು ಒಂದು ತಿಂಗಳಿಗೆ, ಉಳಿದಿರಬಹುದಾದ ಕ್ಯಾನ್ಸರ್ ಕೋಶಗಳಿಗಾಗಿ ಮಜ್ಜೆಯನ್ನು ಮತ್ತೆ ಪರೀಕ್ಷಿಸುತ್ತಾರೆ. 10,000ಕ್ಕೆ ಒಂದು ಕೋಶ, ಅಂದರೆ ಶೇ. 0.01, ಇಲ್ಲಿ ರೂಢಿಯಲ್ಲಿರುವ ಮಿತಿ. ಇಷ್ಟು ವಿರಳ ಗುಂಪನ್ನು ನಂಬಬೇಕಾದರೆ 50,000 ಕೋಶ ಸಾಲದು: ಆ ಪ್ರಮಾಣದಲ್ಲಿ ಸಿಗುವುದು 5 ಚುಕ್ಕಿ ಮಾತ್ರ. 5 ಲಕ್ಷ ಕೋಶಗಳನ್ನು ಅಳೆದರೆ 50 ಚುಕ್ಕಿ ಸಿಗುತ್ತವೆ. ಮಜ್ಜೆಯ ಮೊದಲ ಎಳೆತದ ಮಾದರಿಯನ್ನೇ ಇದಕ್ಕೆ ಮೀಸಲಿಡಬೇಕು. ನಂತರದ ಎಳೆತಗಳಲ್ಲಿ ರಕ್ತ ಬೆರೆತು ಪ್ರಮಾಣ ಕಡಿಮೆಯಾಗಿ ಕಾಣುತ್ತದೆ.

ಬ್ಲಾಸ್ಟ್ ಗೇಟಿಗೂ ಮಿತಿಯಿದೆ. ತೀವ್ರ ಪ್ರೊಮೈಲೊಸೈಟಿಕ್ ಲ್ಯುಕೇಮಿಯಾದಲ್ಲಿ ರೋಗಕೋಶಗಳು ಹರಳುಗಳಿಂದ ತುಂಬಿರುವುದರಿಂದ ಪಾರ್ಶ್ವಚದುರಿಕೆ ಹೆಚ್ಚಿ ಗೇಟಿನ ಹೊರಗೆ ಬೀಳಬಹುದು. ಕೆಲವು ಬಿ ಲ್ಯುಕೇಮಿಯಾಗಳಲ್ಲಿ ಸಿಡಿ45 ಇಲ್ಲವೇ ಇಲ್ಲ ಎನ್ನುವಷ್ಟಿದ್ದು, ಅವು ಕೋಶಚೂರುಗಳ ನಡುವೆ ಅಡಗಬಹುದು. ಮಜ್ಜೆ ನಾರುಗಟ್ಟಿದ್ದರೆ ಸೂಜಿಗೆ ಮಾದರಿಯೇ ಸಿಗದಿರಬಹುದು. ಆದ್ದರಿಂದ ಫ್ಲೋ ಸೈಟೊಮೆಟ್ರಿಯ ವರದಿಯನ್ನು ಒಂಟಿಯಾಗಿ ಓದುವುದಿಲ್ಲ; ಸೂಕ್ಷ್ಮದರ್ಶಕದ ನೋಟ ಮತ್ತು ವರ್ಣತಂತು ಪರೀಕ್ಷೆಯೊಂದಿಗೆ ತಾಳೆ ನೋಡಿದ ನಂತರವೇ ವೈದ್ಯರು ರೋಗದ ಹೆಸರನ್ನು ಖಚಿತಪಡಿಸುತ್ತಾರೆ.