ಬೆಳಕಿನ ಬಾಟಲಿ, ಕತ್ತಲೆ ಬಾಟಲಿ: ಕೆರೆಯ ಉತ್ಪಾದಕತೆ ಅಳೆದ ಬಗೆ

ಕೆರೆಯ ಪಾಚಿ ಒಂದು ಹಗಲಲ್ಲಿ ಎಷ್ಟು ಆಹಾರ ತಯಾರಿಸಿತು ಎಂದು ತೂಗಿ ನೋಡುವುದು ಕಷ್ಟ. ಆದರೆ ಆ ಕೆಲಸದಲ್ಲಿ ಅದು ಹೊರಬಿಡುವ ಆಮ್ಲಜನಕವನ್ನು ಅಳೆಯಬಹುದು. ಹಂಗೇರಿಯ ಲಾಯೋಶ್ ವಿಂಕ್ಲರ್ 1888ರಲ್ಲಿ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವ ವಿಧಾನ ಕೊಟ್ಟ. ಅದನ್ನೇ ಆಧರಿಸಿ ನಾರ್ವೆಯ ಗಾರ್ಡರ್ ಮತ್ತು ಗ್ರಾನ್ ಓಸ್ಲೋ ಬಳಿಯ ಕಡಲಲ್ಲಿ ನಡೆಸಿದ ಬಾಟಲಿ ಪ್ರಯೋಗವನ್ನು 1927ರಲ್ಲಿ ಪ್ರಕಟಿಸಿದರು. ಕಡಲಿಗಾಗಿ ಹುಟ್ಟಿದ ಈ ವಿಧಾನ ನಿಜವಾಗಿ ಒಗ್ಗಿದ್ದು ಹಸಿರುಗಟ್ಟಿದ ಕೆರೆ ನೀರಿಗೆ ಎಂಬುದು ನನ್ನ ಅಭಿಪ್ರಾಯ.

ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರ ಹೋಬಳಿಯ ಒಂದು ಕೆರೆಯಲ್ಲಿ ಇದನ್ನು ಮಾಡುವುದಾದರೆ, ಏರಿಯಿಂದ ಆಚೆ, ತೂಬಿನ ಹತ್ತಿರದ ಆಳದ ನೀರು ತುಂಬಿಕೊಳ್ಳಬೇಕು. ಗಾಜಿನ ಮುಚ್ಚಳದ ಮೂರು ಬಾಟಲಿಗಳಿಗೆ ಒಂದೇ ಪಾತ್ರೆಯ ನೀರನ್ನು, ಗುಳ್ಳೆ ಸೇರದಂತೆ, ಕೊಳವೆಯಿಂದ ತಳದಿಂದಲೇ ತುಂಬುತ್ತಾರೆ. ಮೊದಲನೆಯದಕ್ಕೆ ಅಲ್ಲೇ ಮ್ಯಾಂಗನೀಸ್ ಸಲ್ಫೇಟ್, ಕ್ಷಾರೀಯ ಅಯೋಡೈಡ್ ಹಾಕಿ ಆಮ್ಲಜನಕವನ್ನು ಕಟ್ಟಿಹಾಕುತ್ತಾರೆ. ಆಮ್ಲಜನಕವಿದ್ದರೆ ಕಂದು ಗಸಿ ಕೂರುತ್ತದೆ, ಇಲ್ಲದಿದ್ದರೆ ಬಿಳಿ. ಎರಡನೆಯದು ಬೆಳಕಿಗೆ. ಮೂರನೆಯದಕ್ಕೆ ಕಪ್ಪು ಟೇಪು, ಅದರ ಮೇಲೆ ಅಲ್ಯೂಮಿನಿಯಂ ಹಾಳೆ. ಎರಡನ್ನೂ ನೀರು ತೆಗೆದ ಆಳಕ್ಕೇ ಹಗ್ಗದಲ್ಲಿ ಇಳಿಬಿಟ್ಟು, ಹೊತ್ತು ಮುಗಿದ ಮೇಲೆ ಅದೇ ರೀತಿ ಪರೀಕ್ಷಿಸುತ್ತಾರೆ. ಗಂಧಕಾಮ್ಲ ಹಾಕಿದಾಗ ಗಸಿ ಕರಗಿ ಅಯೋಡಿನ್ ಬಿಡುಗಡೆಯಾಗುತ್ತದೆ. ಥಯೋಸಲ್ಫೇಟ್ ಹನಿಸುತ್ತ, ಪಿಷ್ಟದ ನೀಲಿ ಮಾಯವಾದಾಗ ನಿಲ್ಲಿಸಬೇಕು. ನೀಲಿ ಮತ್ತೆ ಮತ್ತೆ ಮರಳಿದರೆ ನೀರಿನಲ್ಲಿ ನೈಟ್ರೈಟ್ ಇದೆ ಎಂದರ್ಥ. ಅಜೈಡ್ ಬೆರೆಸಿದ ದ್ರಾವಣ ಬಳಸಬೇಕು.

ಲೆಕ್ಕಕ್ಕೆ ಒಂದು ಕಲ್ಪಿತ ಉದಾಹರಣೆ: ಆರಂಭದಲ್ಲಿ ಲೀಟರಿಗೆ 7.0 ಮಿಲಿಗ್ರಾಂ ಆಮ್ಲಜನಕ, ನಾಲ್ಕು ಗಂಟೆಯ ನಂತರ ಬೆಳಕಿನ ಬಾಟಲಿಯಲ್ಲಿ 9.4, ಕತ್ತಲೆಯದರಲ್ಲಿ 5.8 ಎಂದಿಟ್ಟುಕೊಳ್ಳೋಣ. ಉಸಿರಾಟಕ್ಕೆ ಖರ್ಚಾದದ್ದು 1.2, ನಿವ್ವಳ ಗಳಿಕೆ 2.4, ಒಟ್ಟು ಉತ್ಪಾದನೆ 3.6. ಇದನ್ನು 0.375ರಿಂದ ಗುಣಿಸಿ, 1.2 ಎಂದು ಹಿಡಿಯುವ ದ್ಯುತಿಸಂಶ್ಲೇಷಣಾ ಅನುಪಾತದಿಂದ ಭಾಗಿಸಿದರೆ ಲೀಟರಿಗೆ 1.125 ಮಿಲಿಗ್ರಾಂ ಇಂಗಾಲ; ಗಂಟೆಗೆ ಸುಮಾರು 0.28.

ಮಳೆಗಾಲದ ಕೆಮ್ಮಣ್ಣು ನೀರಲ್ಲಿ ಬೆಳಕಿನ ಬಾಟಲಿ ಆರಂಭದ ಅಂಕಿಗಿಂತ ಕಡಿಮೆ ತೋರಿಸಬಹುದು. ಅದು ತಪ್ಪಲ್ಲ, ಬೆಳಕು ಸಾಲದೆ ಉಸಿರಾಟವೇ ಮೇಲಾಗಿದೆ. ಆದರೆ ಕತ್ತಲೆ ಬಾಟಲಿಗಿಂತಲೂ ಗಮನಾರ್ಹವಾಗಿ ಕಡಿಮೆ ಬಂದರೆ ಬಾಟಲಿ ಅದಲುಬದಲಾಗಿದೆಯೇ, ಗಾಳಿ ಸೇರಿದೆಯೇ ಎಂದು ನೋಡಬೇಕು.

ಈ ವಿಧಾನದ ತಿರುಳಲ್ಲೇ ಒಂದು ನಂಬಿಕೆಯಿದೆ: ಬೆಳಕಲ್ಲೂ ಕತ್ತಲೆಯಲ್ಲೂ ಉಸಿರಾಟ ಒಂದೇ ಎಂಬುದು. ಅದು ಯಾವಾಗಲೂ ನಿಜವಲ್ಲ. ಬಾಟಲಿಯ ಗೋಡೆಗೆ ಹತ್ತುವ ಬ್ಯಾಕ್ಟೀರಿಯಾ ಕೂಡ ಹೊತ್ತು ಹೆಚ್ಚಿದಂತೆ ಲೆಕ್ಕ ಕೆಡಿಸುತ್ತದೆ. ಪೋಷಕಾಂಶ ಕಡಿಮೆಯಿರುವ ಕಡಲಲ್ಲಿ ಬಾಟಲಿಗಳ ಅಂತರ ಅಳತೆಗೇ ಸಿಗದಷ್ಟು ಸಣ್ಣದು. 1952ರಲ್ಲಿ ಡೆನ್ಮಾರ್ಕಿನ ಸ್ಟೀಮನ್ ನೀಲ್ಸನ್ ವಿಕಿರಣಶೀಲ ಇಂಗಾಲದ ವಿಧಾನ ಮುಂದಿಟ್ಟ ಮೇಲೆ ಸಾಗರ ವಿಜ್ಞಾನಿಗಳು ಹೆಚ್ಚಾಗಿ ಅತ್ತ ವಾಲಿದರು. ಹಸಿರು ಕೆರೆಯ ತೊಂದರೆ ಕಡಲಿನ ತೊಂದರೆಗೆ ತದ್ವಿರುದ್ಧ. ಅಲ್ಲಿ ಆಮ್ಲಜನಕ ಮಿತಿಮೀರಿ, ಬೆಳಕಿನ ಬಾಟಲಿಯಲ್ಲಿ ಗುಳ್ಳೆಯೇಳುತ್ತದೆ, ಮುಚ್ಚಳ ತೆರೆದೊಡನೆ ಹಾರಿಹೋಗಿ ಅಂಕಿ ಇಳಿಯುತ್ತದೆ. ಗುಳ್ಳೆ ಕಂಡರೆ ಆ ಫಲಿತಾಂಶ ಬಿಟ್ಟು, ಬಾಟಲಿ ಇಡುವ ಅವಧಿಯನ್ನು ಒಂದೆರಡು ಗಂಟೆಗೆ ಇಳಿಸಿ ಮತ್ತೆ ಮಾಡಬೇಕು.