ಖುಲಾಸೆಯ ನಂತರವೂ ಉಳಿಯುವ ದಾಖಲೆ: ರಾಯಚೂರು, ದೇವದುರ್ಗ, ಮಾನ್ವಿ ಭಾಗದ ಗುಂಪು ಜಗಳದ ಪ್ರಕರಣಗಳು ಮತ್ತು ಉದ್ಯೋಗಪೂರ್ವ ಪರಿಶೀಲನೆ

ಕ್ರಿಮಿನಲ್ ದಾಖಲೆ ಎಂಬ ಹೆಸರಿನ ಒಂದೇ ಕಡತ ಭಾರತದಲ್ಲಿ ಎಲ್ಲಿಯೂ ಇಲ್ಲ. ಠಾಣೆಯ ರಿಜಿಸ್ಟರಿನಲ್ಲಿ ಒಂದು ನಮೂದು, ನ್ಯಾಯಾಲಯದ ದಫ್ತರಿನಲ್ಲಿ ಇನ್ನೊಂದು, ಅಂತರ್ಜಾಲದಲ್ಲಿ ಮತ್ತೊಂದು ಇರುತ್ತದೆ. ಮೂರೂ ಬೇರೆ ಬೇರೆ ಕೈಗಳಿಂದ, ಬೇರೆ ಬೇರೆ ಕಾಲದಲ್ಲಿ ಬರೆಯಲ್ಪಟ್ಟವು. ನೌಕರಿಗೆ ಮುಂಚಿನ ಪರಿಶೀಲನೆ ಎಂದರೆ ಇವುಗಳಲ್ಲಿ ಯಾವುದಾದರೂ ಒಂದನ್ನೋ ಎರಡನ್ನೋ ನೋಡುವುದು. ಹತ್ತು ವರ್ಷ ಹಳೆಯ ಪ್ರಕರಣ ಒಬ್ಬನಿಗೆ ಅಡ್ಡಿಯಾಗಿ, ಅದೇ ಪ್ರಕರಣದ ಇನ್ನೊಬ್ಬ ಆರೋಪಿಗೆ ಅಡ್ಡಿಯಾಗದೆ ಹೋಗುವುದಕ್ಕೆ ಇದೂ ಒಂದು ಕಾರಣ. ಈ ಲೇಖನವು ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ಸಾಮಾನ್ಯವಾದ ಗುಂಪು ಜಗಳದ ಪ್ರಕರಣವನ್ನು ತೆಗೆದುಕೊಂಡು, ಅದು ಠಾಣೆಯಿಂದ ತೀರ್ಪಿನವರೆಗೆ, ತೀರ್ಪಿನಿಂದ ನೇಮಕಾತಿಯವರೆಗೆ ಸಾಗುವ ದಾರಿಯನ್ನು ಪರಿಶೀಲಿಸುತ್ತದೆ. ಉದ್ಯೋಗದ ದೃಷ್ಟಿಯಿಂದ ಖುಲಾಸೆಯಾಗಿದೆ ಎಂಬ ಸಂಗತಿಯಷ್ಟೇ ಸಾಲದು. ಖುಲಾಸೆ ಹೇಗಾಯಿತು, ಅರ್ಜಿದಾರ ಅದನ್ನು ಹೇಗೆ ಬರೆದು ತಿಳಿಸಿದ ಎಂಬುವೇ ನಿರ್ಣಾಯಕ ಎಂಬುದು ಇಲ್ಲಿನ ವಾದ.

ಪರಿಶೀಲನೆಯಲ್ಲಿ ಕಾಣುವುದು ಏನು

ಸರ್ಕಾರಿ ನೇಮಕಾತಿಯಲ್ಲಿ ನೇಮಕಾತಿ ಪ್ರಾಧಿಕಾರವು ಅಭ್ಯರ್ಥಿಯ ನಡತೆ ಮತ್ತು ಪೂರ್ವಾಪರಗಳ ಬಗ್ಗೆ ಪೊಲೀಸ್ ಇಲಾಖೆಯಿಂದ ವರದಿ ತರಿಸಿಕೊಳ್ಳುತ್ತದೆ. ಪತ್ರ ಕೊನೆಗೆ ಬಂದು ತಲುಪುವುದು ಅಭ್ಯರ್ಥಿಯ ವಾಸಸ್ಥಳದ ಠಾಣೆಗೆ: ಹಳ್ಳಿಯವನಾದರೆ ದೇವದುರ್ಗ ಅಥವಾ ಮಾನ್ವಿ ಠಾಣೆ, ನಗರದವನಾದರೆ ಸದರ್ ಬಜಾರ್, ಮಾರ್ಕೆಟ್ ಯಾರ್ಡ್, ಪಶ್ಚಿಮ, ನೇತಾಜಿ ನಗರ ಠಾಣೆಗಳಲ್ಲಿ ಒಂದು. ಠಾಣೆ ನೋಡುವುದು ತೀರ್ಪನ್ನಲ್ಲ, ಗುನ್ನೆ ನಂಬರನ್ನು. ಪ್ರಥಮ ವರ್ತಮಾನ ವರದಿಯಲ್ಲಿ ಹೆಸರಿದ್ದರೆ ಅದು ವರದಿಗೆ ಬರುತ್ತದೆ. ತನಿಖೆಯ ನಂತರ ಆರೋಪದಲ್ಲಿ ಹುರುಳಿಲ್ಲವೆಂದು ‘ಬಿ ರಿಪೋರ್ಟ್’ ಸಲ್ಲಿಕೆಯಾಗಿದ್ದರೂ ಮೂಲ ನಮೂದು ಅಳಿಸಿಹೋಗುವುದಿಲ್ಲ. ಅದರ ಮುಂದೆ ಫಲಿತಾಂಶ ಸೇರುತ್ತದೆ, ಅಷ್ಟೇ.

ನ್ಯಾಯಾಲಯದ ದಾಖಲೆ ಇದಕ್ಕಿಂತ ಭಿನ್ನ. ದೋಷಾರೋಪ ಪಟ್ಟಿ ಸಲ್ಲಿಕೆಯಾಗಿ ನ್ಯಾಯಾಲಯ ಅದನ್ನು ವಿಚಾರಣೆಗೆ ತೆಗೆದುಕೊಂಡ ಮೇಲೆ ಪ್ರಕರಣಕ್ಕೆ ಸಿ.ಸಿ. ನಂಬರ್ ಬೀಳುತ್ತದೆ, ಜೊತೆಗೆ ಹದಿನಾರು ಅಕ್ಷರ ಮತ್ತು ಅಂಕಿಗಳ ಸಿ.ಎನ್.ಆರ್. ಸಂಖ್ಯೆಯೂ ಬರುತ್ತದೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ಈ ಸಂಖ್ಯೆಯಿಂದಲೋ ಪಕ್ಷಕಾರರ ಹೆಸರಿನಿಂದಲೋ ಯಾರು ಬೇಕಾದರೂ ಪ್ರಕರಣವನ್ನು ಹುಡುಕಬಹುದು. ಖಾಸಗಿ ಕಂಪನಿಗಳ ಪರವಾಗಿ ಪರಿಶೀಲನೆ ನಡೆಸುವ ಸಂಸ್ಥೆಗಳು ಮುಖ್ಯವಾಗಿ ನೆಚ್ಚಿಕೊಳ್ಳುವುದು ಈ ಹುಡುಕಾಟವನ್ನೇ. ಪ್ರಕರಣ ಇತ್ಯರ್ಥವಾದ ಮೇಲೂ ಅದು ಅಲ್ಲಿಂದ ಕಣ್ಮರೆಯಾಗುವುದಿಲ್ಲ. ವಯಸ್ಕರ ಹಳೆಯ ದಾಖಲೆ ಇಂತಿಷ್ಟು ವರ್ಷಗಳ ನಂತರ ತಾನಾಗಿಯೇ ಅಳಿಯಬೇಕೆಂಬ ಸಾಮಾನ್ಯ ಕಾನೂನು ಭಾರತದಲ್ಲಿ ಇಲ್ಲ. ಬಾಲ ನ್ಯಾಯ ಕಾಯ್ದೆ, 2015ರ 24ನೇ ಕಲಂ ಮಾತ್ರ ಹದಿನೆಂಟು ತುಂಬದವರ ಪ್ರಕರಣಗಳು ಮುಂದೆ ಅನರ್ಹತೆಯಾಗಬಾರದೆಂದು ಹೇಳುತ್ತದೆ. ಅದಕ್ಕೂ ಒಂದು ಅಪವಾದವಿದೆ: ಹದಿನಾರು ತುಂಬಿದವನನ್ನು ಘೋರ ಅಪರಾಧಕ್ಕಾಗಿ ವಯಸ್ಕನಂತೆ ವಿಚಾರಿಸಿ ತಪ್ಪಿತಸ್ಥನೆಂದು ತೀರ್ಮಾನಿಸಿದ್ದರೆ ಈ ರಕ್ಷಣೆ ಸಿಗುವುದಿಲ್ಲ.

ಒಂದು ಮಾದರಿ ಪ್ರಕರಣ

ವಿಷಯ ಸ್ಪಷ್ಟವಾಗಲು ಒಂದು ಕಲ್ಪಿತ ಪ್ರಕರಣವನ್ನು ತೆಗೆದುಕೊಳ್ಳಬಹುದು. ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ 2017ರ ಮುಂಗಾರು ಬಿತ್ತನೆಯ ಹೊತ್ತಿಗೆ ಹೊಲದ ಬದುವಿನ ವಿಚಾರಕ್ಕೆ ಎರಡು ಮನೆತನಗಳ ನಡುವೆ ಜಗಳವಾಗುತ್ತದೆ. ಫಿರ್ಯಾದಿ ಎದುರು ಮನೆಯ ಒಂಬತ್ತು ಮಂದಿಯ ಹೆಸರು ಬರೆಸುತ್ತಾನೆ. ಅವರಲ್ಲಿ ಒಬ್ಬ ಹತ್ತೊಂಬತ್ತು ವರ್ಷದ ಪದವಿ ವಿದ್ಯಾರ್ಥಿ. ಭಾರತೀಯ ದಂಡ ಸಂಹಿತೆಯ ಕಲಂ 143, 147, 148, 323, 324, 504, 506 ಸಹಿತ 149ರ ಅಡಿ ಗುನ್ನೆ ದಾಖಲಾಗುತ್ತದೆ. ಅಕ್ರಮ ಕೂಟ, ದೊಂಬಿ, ಮಾರಕಾಯುಧ ಹಿಡಿದು ದೊಂಬಿ, ಕೈಯಿಂದ ಹೊಡೆತ, ಆಯುಧದಿಂದ ಗಾಯ, ಅವಾಚ್ಯ ಬೈಗುಳ, ಜೀವ ಬೆದರಿಕೆ ಎಂಬುದು ಇವುಗಳ ಅನುಕ್ರಮ. 149ನೇ ಕಲಂ ಸೇರಿದ ಕಾರಣ ಕೊಡಲಿ ಹಿಡಿದವನ ಹೊಣೆ ದೂರದಲ್ಲಿ ನಿಂತವನ ಮೇಲೂ ಬರುತ್ತದೆ.

ಎರಡು ವರ್ಷಗಳಲ್ಲಿ ಹಿರಿಯರು ಕೂಡಿಸಿ ರಾಜಿ ಮಾಡಿಸುತ್ತಾರೆ. ಬದು ಅಳೆಸಿ ಕಲ್ಲು ನೆಡಲಾಗುತ್ತದೆ. ಎರಡೂ ಮನೆಯವರು ಒಬ್ಬರ ಮದುವೆಗೆ ಇನ್ನೊಬ್ಬರು ಹೋಗಿಬರುವಂತಾಗುತ್ತದೆ. ಆದರೆ ಈ ರಾಜಿಯನ್ನು ನ್ಯಾಯಾಲಯದ ಮುಂದೆ ಪೂರ್ತಿಯಾಗಿ ದಾಖಲಿಸಲು ಬರುವುದಿಲ್ಲ. ದಂಡ ಪ್ರಕ್ರಿಯಾ ಸಂಹಿತೆಯ 320ನೇ ಕಲಂ ಪ್ರಕಾರ 323, 504, 506ರ ಅಪರಾಧಗಳು ರಾಜಿಗೆ ಒಳಪಡುತ್ತವೆ. 143, 147, 148 ಮತ್ತು 324 ಒಳಪಡುವುದಿಲ್ಲ. ಹೀಗಾಗಿ ಊರಿನಲ್ಲಿ ಮುಗಿದ ಜಗಳ ಕಾಗದದ ಮೇಲೆ ಮುಗಿಯದೆ ಉಳಿಯುತ್ತದೆ. ಅದನ್ನು ಮುಗಿಸಲು ಹಿಡಿಯುವ ರೂಢಿಯ ದಾರಿಯೆಂದರೆ ಸಾಕ್ಷಿಗಳು ತಿರುಗಿ ಹೇಳುವುದು. ಫಿರ್ಯಾದಿ ತಾನು ಯಾರನ್ನೂ ಗುರುತಿಸಲಾರೆ ಎನ್ನುತ್ತಾನೆ. ಪಂಚರು ಪಂಚನಾಮೆಗೆ ಠಾಣೆಯಲ್ಲಿ ಸಹಿ ಮಾಡಿದೆವು ಎನ್ನುತ್ತಾರೆ. ಸರ್ಕಾರಿ ಅಭಿಯೋಜಕರು ಅವರನ್ನು ಪ್ರತಿಕೂಲ ಸಾಕ್ಷಿಗಳೆಂದು ಪರಿಗಣಿಸಿ ಪಾಟೀ ಸವಾಲು ಮಾಡುತ್ತಾರೆ. 2021ರಲ್ಲಿ ಬರುವ ತೀರ್ಪು, ಪ್ರಾಸಿಕ್ಯೂಷನ್ ಆರೋಪವನ್ನು ಸಂಶಯಾತೀತವಾಗಿ ಸಾಬೀತುಪಡಿಸಿಲ್ಲ, ಆರೋಪಿಗಳು ಸಂಶಯದ ಲಾಭಕ್ಕೆ ಅರ್ಹರು ಎಂದು ಹೇಳಿ 248(1)ನೇ ಕಲಂ ಅಡಿ ಎಲ್ಲರನ್ನೂ ಬಿಡುಗಡೆ ಮಾಡುತ್ತದೆ.

ಮನೆಯವರ ಪಾಲಿಗೆ ಇದು ಕೇಸು ಗೆದ್ದಂತೆ. ಆದರೆ ಆ ‘ಸಂಶಯದ ಲಾಭ’ ಎಂಬ ಮಾತು ಎರಡು ವರ್ಷಗಳ ನಂತರ ವಿದ್ಯಾರ್ಥಿ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಆಯ್ಕೆಯಾದಾಗ ಮತ್ತೆ ಎದುರು ಬಂದು ನಿಲ್ಲುತ್ತದೆ.

ಖುಲಾಸೆಯ ಬಗೆಗಳು

ಇದೇ ಜಗಳ ಬೇರೆ ರೀತಿಯಲ್ಲಿಯೂ ಮುಗಿಯಬಹುದಿತ್ತು. ರಾಜಿಗೆ ಒಳಪಡುವ ಕಲಂಗಳಷ್ಟೇ ಇದ್ದಿದ್ದರೆ ರಾಜಿ ಅರ್ಜಿಯನ್ನು ನ್ಯಾಯಾಲಯ ಒಪ್ಪಿ, 320(8)ರ ಪ್ರಕಾರ ಅದು ಖುಲಾಸೆಗೆ ಸಮನಾಗುತ್ತಿತ್ತು. ರಾಜಿಗೆ ಬಾರದ ಕಲಂಗಳಿದ್ದರೂ, ವೈಯಕ್ತಿಕ ಸ್ವರೂಪದ ವ್ಯಾಜ್ಯವನ್ನು ಪಕ್ಷಕಾರರ ರಾಜಿಯ ಮೇಲೆ ರದ್ದುಪಡಿಸುವ ಅಧಿಕಾರ ಹೈಕೋರ್ಟಿಗೆ ಇದೆಯೆಂದು 2012ರ ಗ್ಯಾನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ರಾಯಚೂರು ಜಿಲ್ಲೆಯವರಿಗೆ ಅದರ ಸ್ಥಳ ಹೈಕೋರ್ಟಿನ ಕಲಬುರಗಿ ಪೀಠ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಈ ಎರಡು ಅಧಿಕಾರಗಳು ಕ್ರಮವಾಗಿ 359 ಮತ್ತು 528ನೇ ಕಲಂಗಳಲ್ಲಿವೆ. ರದ್ದತಿಯಾದರೆ ಕಾರಣವಾಗಿ ರಾಜಿಯೇ ಆದೇಶದಲ್ಲಿ ದಾಖಲಾಗುತ್ತದೆ. ಸಾಕ್ಷಿಗಳು ತಿರುಗಿದರೆಂಬ ಮಾತಿಗೆ ಎಡೆಯಿರುವುದಿಲ್ಲ. ಆದರೆ ಕಲಬುರಗಿಯವರೆಗೆ ಹೋಗುವ ಖರ್ಚು, ವಕೀಲರ ಫೀಸು ಹಳ್ಳಿಯ ಮನೆತನಗಳಿಗೆ ಭಾರ. ಸಾಕ್ಷಿ ತಿರುಗುವ ದಾರಿ ಅಗ್ಗವೆಂದು ತೋರುತ್ತದೆ. ಅದರ ಬೆಲೆ ಮನೆಯ ಕಿರಿಯವನ ನೌಕರಿಯ ಹೊತ್ತಿಗೆ ಗೊತ್ತಾಗುತ್ತದೆ.

ಸೇವಾ ನ್ಯಾಯಶಾಸ್ತ್ರದಲ್ಲಿ ‘ಗೌರವಯುತ ಖುಲಾಸೆ’ ಮತ್ತು ಸಂಶಯದ ಲಾಭದ ಖುಲಾಸೆ ಎಂಬ ಭೇದ ಬೆಳೆದುಬಂದಿದೆ. ಸಾಕ್ಷ್ಯವನ್ನೆಲ್ಲ ತೂಗಿದ ಮೇಲೆ ಆರೋಪವೇ ನಿಲ್ಲಲಿಲ್ಲ ಎಂದಾದರೆ ಅದು ಮೊದಲನೆಯದು. ಸಾಕ್ಷಿಯೇ ಬಾಯಿಬಿಡಲಿಲ್ಲ ಎಂದಾದರೆ ಎರಡನೆಯದು. ಈ ಭೇದ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇಲ್ಲ. ಶಿಕ್ಷೆಯ ದೃಷ್ಟಿಯಿಂದ ಎರಡೂ ಸಮ. ನೌಕರಿಯ ದೃಷ್ಟಿಯಿಂದ ಮಾತ್ರ ಸಮವಲ್ಲ.

ಅವತಾರ್ ಸಿಂಗ್ ತೀರ್ಪಿನ ಅಳತೆ

2016ರ ಜುಲೈ 21ರಂದು ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠ ಅವತಾರ್ ಸಿಂಗ್ ಪ್ರಕರಣದಲ್ಲಿ ನೀಡಿದ ತೀರ್ಪು ಈ ವಿಷಯದಲ್ಲಿ ಇಂದಿಗೂ ಮೂಲ ಅಳತೆಗೋಲು. ಅದಕ್ಕೆ ಹಿಂದಿನ ತೀರ್ಪುಗಳಲ್ಲಿ ಎರಡು ಧೋರಣೆಗಳಿದ್ದವು: ಮಾಹಿತಿ ಮುಚ್ಚಿಟ್ಟವನಿಗೆ ಕ್ಷಮೆಯಿಲ್ಲ ಎಂಬುದು ಒಂದು, ಎಳೆ ವಯಸ್ಸಿನ ಸಣ್ಣ ತಪ್ಪನ್ನು ಮನ್ನಿಸಬೇಕು ಎಂಬುದು ಇನ್ನೊಂದು. ಅವತಾರ್ ಸಿಂಗ್ ತೀರ್ಪು ಇವೆರಡನ್ನೂ ಒಂದು ಚೌಕಟ್ಟಿಗೆ ತಂದಿತು. ಅಭ್ಯರ್ಥಿ ಕೊಡುವ ಮಾಹಿತಿ ನಿಜವಾಗಿರಬೇಕು. ಎಳೆ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವನ್ನು ಮುಚ್ಚಿಟ್ಟಿದ್ದರೂ ಪ್ರಾಧಿಕಾರ ತನ್ನ ವಿವೇಚನೆಯಿಂದ ಮನ್ನಿಸಬಹುದು. ಮಾನ್ವಿಯ ಕೆಳಭಾಗದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಡಿಸಲು ರಸ್ತೆ ತಡೆ ಮಾಡಿ ಕೇಸು ಹಾಕಿಸಿಕೊಂಡ ಯುವಕನ ಪರವಾಗಿ ಎತ್ತಬಹುದಾದ ವಾದ ಇದೇ. ಆದರೆ ನಿಜವನ್ನು ಹೇಳಿದ ಮಾತ್ರಕ್ಕೆ ನೌಕರಿ ಖಚಿತವಲ್ಲ. ಮುಗಿದ ಪ್ರಕರಣವನ್ನು ಪ್ರಾಮಾಣಿಕವಾಗಿ ತಿಳಿಸಿದಾಗಲೂ ಪೂರ್ವಾಪರ ತೂಗಿ ನೋಡುವ ಹಕ್ಕು ಪ್ರಾಧಿಕಾರಕ್ಕೆ ಇದೆ.

ಮಾದರಿ ಪ್ರಕರಣಕ್ಕೆ ಹೆಚ್ಚು ಹೊಂದುವ ಎರಡು ಅಂಶಗಳು ಆ ತೀರ್ಪಿನ ಕೊನೆಯ ಭಾಗದಲ್ಲಿವೆ. ದೃಢೀಕರಣ ನಮೂನೆಯಲ್ಲಿನ ಪ್ರಶ್ನೆ ಅಸ್ಪಷ್ಟವಾಗಿರಬಾರದು. ನಿರ್ದಿಷ್ಟವಾಗಿ ಕೇಳಿದ್ದಕ್ಕೆ ಮಾತ್ರ ಉತ್ತರಿಸುವ ಹೊಣೆ ಅಭ್ಯರ್ಥಿಯದು. ‘ಪ್ರಕರಣ ಬಾಕಿ ಇದೆಯೇ’ ಎಂದಷ್ಟೇ ಕೇಳಿದ್ದರೆ ಖುಲಾಸೆಯಾದವನು ‘ಇಲ್ಲ’ ಎಂದು ಬರೆಯುವುದು ಸುಳ್ಳಲ್ಲ. ‘ಎಂದಾದರೂ ಬಂಧನಕ್ಕೆ ಒಳಗಾಗಿದ್ದೀರಾ, ವಿಚಾರಣೆ ಎದುರಿಸಿದ್ದೀರಾ’ ಎಂದು ಕೇಳಿದ್ದರೆ ಅದೇ ‘ಇಲ್ಲ’ ಸುಳ್ಳಾಗುತ್ತದೆ. ಹಾಗೆಯೇ, ಮುಚ್ಚಿಟ್ಟ ಆರೋಪ ಹೊರಿಸಬೇಕಾದರೆ ಅಭ್ಯರ್ಥಿಗೆ ವಿಷಯ ತಿಳಿದಿತ್ತೆಂಬುದು ಗೊತ್ತಾಗಬೇಕು. ಊರಿನಲ್ಲಿ ಇಲ್ಲದಿದ್ದಾಗ ಮನೆಯ ಎಲ್ಲರ ಹೆಸರಿನ ಜೊತೆ ತನ್ನ ಹೆಸರೂ ಸೇರಿದ್ದನ್ನು ಅರಿಯದ ವಿದ್ಯಾರ್ಥಿಗೆ ಇದು ಆಸರೆ.

ತೂಕ ಎರಡೂ ಕಡೆ ಬೀಳಬಹುದು. 2013ರ ಮೆಹರ್ ಸಿಂಗ್ ಪ್ರಕರಣದಲ್ಲಿ ಅಭ್ಯರ್ಥಿ ಹೊಡೆದಾಟದ ಕೇಸನ್ನು ತಾನೇ ತಿಳಿಸಿದ್ದ. ಅದು ರಾಜಿಯಾಗಿ ಖುಲಾಸೆಯೂ ಆಗಿತ್ತು. ಆದರೂ ದೆಹಲಿ ಪೊಲೀಸರು ಅವನನ್ನು ಸೇರಿಸಿಕೊಳ್ಳದಿದ್ದುದು ಸರಿಯೆಂದು ಸುಪ್ರೀಂ ಕೋರ್ಟ್ ಹೇಳಿತು. ಪೊಲೀಸ್ ಪಡೆಗೆ ಬೇಕಾದ ನಡತೆಯ ಮಟ್ಟ ಹೆಚ್ಚಿನದು ಎಂಬುದು ಅಲ್ಲಿನ ಕಾರಣ. 2024ರ ರವೀಂದ್ರ ಕುಮಾರ್ ಪ್ರಕರಣದಲ್ಲಿ ಉತ್ತರ ಪ್ರದೇಶದ ಕಾನ್‌ಸ್ಟೆಬಲ್ ಅಭ್ಯರ್ಥಿಯ ಮೇಲೆ 324, 352, 504ನೇ ಕಲಂಗಳಿದ್ದವು; ಸಾಕ್ಷಿಗಳು ಬೆಂಬಲಿಸದೆ ಖುಲಾಸೆಯಾಗಿತ್ತು; ಅವನು ಅದನ್ನು ತಿಳಿಸಿರಲಿಲ್ಲ. ಆದರೆ ಠಾಣೆಯ ವರದಿ ಅವನ ನಡತೆಯ ಪರವಾಗಿತ್ತು. ಎಲ್ಲರನ್ನೂ ಒಂದೇ ಅಳತೆಯಲ್ಲಿ ಅಳೆಯಬಾರದೆಂದು ಹೇಳಿ ನ್ಯಾಯಾಲಯ ಅವನ ಪರ ತೀರ್ಪು ನೀಡಿತು. ದೇವದುರ್ಗದ ಮಾದರಿ ಪ್ರಕರಣ ಈ ಎರಡರ ನಡುವೆ ನಿಲ್ಲುತ್ತದೆ. ಅಲ್ಲಿ ಅಭ್ಯರ್ಥಿಗೆ ನೆರವಾಗುವುದು ತೀರ್ಪಿನ ಒಳಪುಟಗಳು: ಅವನು ಆಯುಧ ಹಿಡಿದಿದ್ದನೆಂದು ಯಾರಾದರೂ ಹೇಳಿದ್ದರೇ, ಗಾಯದ ಪ್ರಮಾಣಪತ್ರ ಏನು ಹೇಳುತ್ತದೆ, ಅವನ ವಯಸ್ಸೆಷ್ಟು.

ದಾಖಲೆಯಲ್ಲಿನ ದೋಷಗಳು

ಹಲವು ಬಾರಿ ತೊಡಕು ಕಾನೂನಿನದಲ್ಲ, ಕಾಗದದ್ದು. ತೀರ್ಪಿನ ಫಲಿತಾಂಶ ಠಾಣೆಯ ರಿಜಿಸ್ಟರಿಗೆ ಏರದಿದ್ದರೆ ವರದಿಯಲ್ಲಿ ಪ್ರಕರಣ ‘ವಿಚಾರಣೆಯಲ್ಲಿದೆ’ ಎಂದೇ ಬರುತ್ತದೆ. ಇ-ಕೋರ್ಟ್ಸ್ ತಾಣದಲ್ಲಿ ಅದೇ ಪ್ರಕರಣ ಇತ್ಯರ್ಥವಾಗಿದೆ ಎಂದು ತೋರಿದರೆ ದೋಷ ಎಲ್ಲಿದೆಯೆಂಬುದು ತಿಳಿಯುತ್ತದೆ. ಇಂಥಲ್ಲಿ ತೀರ್ಪಿನ ದೃಢೀಕೃತ ನಕಲನ್ನು ಠಾಣೆಗೂ ನೇಮಕಾತಿ ಪ್ರಾಧಿಕಾರಕ್ಕೂ ಸಲ್ಲಿಸಬೇಕಾಗುತ್ತದೆ. ಹಳೆಯ ಕಡತಗಳು ನಿಗದಿತ ಅವಧಿಯ ನಂತರ ನಾಶವಾಗುವುದರಿಂದ, ತೀರ್ಪು ಬಂದ ಕೂಡಲೇ ನಕಲು ಪಡೆದಿಟ್ಟವನು ಮಾತ್ರ ಹತ್ತು ವರ್ಷಗಳ ನಂತರ ಅದನ್ನು ತೋರಿಸಬಲ್ಲ.

ಹೆಸರಿನ ಗೊಂದಲ ಇನ್ನೊಂದು. ಬಸವರಾಜ, ಹನುಮಂತ, ಮಹಿಬೂಬ್ ಎಂಬ ಹೆಸರುಗಳು ಒಂದೇ ಹೋಬಳಿಯಲ್ಲಿ ಹತ್ತಾರು ಸಿಗುತ್ತವೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಒಂದೇ ಹೆಸರು ಎರಡು ಮೂರು ರೀತಿಯಾಗುತ್ತದೆ. ಹೆಸರಿನಿಂದ ಮಾತ್ರ ಹುಡುಕಿದರೆ ಬೇರೊಬ್ಬನ ಕೇಸು ಇವನ ಲೆಕ್ಕಕ್ಕೆ ಬೀಳಬಹುದು, ಇವನ ಕೇಸು ಕಾಣದೆಯೂ ಹೋಗಬಹುದು. ತಂದೆಯ ಹೆಸರು, ವಯಸ್ಸು, ಊರು ಮತ್ತು ಗುನ್ನೆ ನಂಬರ್ ನಾಲ್ಕೂ ತಾಳೆಯಾದಾಗ ಮಾತ್ರ ಅದು ನಂಬಬಹುದಾದ ಗುರುತು.

ಖಾಸಗಿ ಉದ್ಯೋಗದಲ್ಲಿ ಈ ತಾಳೆ ನೋಡುವ ಹೊಣೆ ಯಾರದೆಂದು ಹೇಳುವ ನಿಯಮ ದುರ್ಬಲ. ಅವತಾರ್ ಸಿಂಗ್ ಸೂತ್ರಗಳು ಬೆಳೆದದ್ದು ಸರ್ಕಾರಿ ಸೇವೆಯ ಸಂದರ್ಭದಲ್ಲಿ. ಸರ್ಕಾರಿ ಪ್ರಾಧಿಕಾರ ವಿವೇಚನೆಯನ್ನು ತಪ್ಪಾಗಿ ಬಳಸಿದರೆ ರಿಟ್ ಅರ್ಜಿಯ ದಾರಿಯಿದೆ. ಖಾಸಗಿ ಕಂಪನಿ ನೇಮಕಾತಿ ಪ್ರಸ್ತಾಪವನ್ನು ಹಿಂಪಡೆದರೆ ಆ ದಾರಿ ಸಾಮಾನ್ಯವಾಗಿ ಸಿಗುವುದಿಲ್ಲ. ಹಾಗಾಗಿ ಅಲ್ಲಿ ಖುಲಾಸೆಯಾದವನ ಕೈಯಲ್ಲಿ ಉಳಿಯುವುದು ಎರಡೇ: ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ, ಮತ್ತು ಆ ಉತ್ತರದ ಜೊತೆಗೆ ಲಗತ್ತಿಸಿದ ತೀರ್ಪಿನ ನಕಲು.